ಗಣಿ ಗುಡ್ಡದ ಬುಡದಲ್ಲಿ ಗಿಡ ಎಣಿಕೆ: ವೈವಿಧ್ಯ ಸೂಚ್ಯಂಕ ತೆಗೆಯುವುದು, ಓದುವುದು

ಚಿಕ್ಕನಾಯಕನಹಳ್ಳಿ ಸುತ್ತಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ತೆಗೆದ ಗುರುತುಗಳು ಇನ್ನೂ ಇವೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಗಣಿ ಮತ್ತೆ ತೆರೆಯಬೇಕಾದರೆ ಕೆದಕಿದ ನೆಲವನ್ನು ಸರಿಪಡಿಸುವ ಯೋಜನೆ ಜಾರಿಯಾಗಬೇಕು ಎಂಬ ಷರತ್ತು ಬಂತು. ಅಲ್ಲಿಂದೀಚೆಗೆ ಮಳೆಗಾಲ ಮುಗಿಯುವ ಹೊತ್ತಿಗೆ ಅದಿರು ಲಾರಿ ಓಡಿದ ದಾರಿಯ ಅಂಚು, ಮಣ್ಣು ಸುರಿದ ದಿಬ್ಬದ ಬುಡ ಎಲ್ಲ ಹಸಿರಾಗಿ ಕಾಣುತ್ತವೆ. ನೋಡಿದವರು 'ಗುಡ್ಡ ಚೇತರಿಸಿಕೊಂಡಿತು' ಎನ್ನುತ್ತಾರೆ. ಹತ್ತಿರ ಹೋದರೆ ಆ ಹಸಿರಿನಲ್ಲಿ ಮುಕ್ಕಾಲು ಪಾಲು ಪಾರ್ಥೇನಿಯಂ, ಅಂದರೆ ನಮ್ಮ ಕಡೆ ಕಾಂಗ್ರೆಸ್ ಗಿಡ ಎನ್ನುವುದೇ ಆಗಿರಬಹುದು. ಹಸಿರು ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ. ಆ ಹಸಿರನ್ನು ಎಷ್ಟು ಬಗೆಯ ಗಿಡಗಳು ಯಾವ ಪಾಲಿನಲ್ಲಿ ಹಂಚಿಕೊಂಡಿವೆ ಎನ್ನುವುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಕೊಡುವುದೇ ಪ್ರಭೇದ ವೈವಿಧ್ಯ ಸೂಚ್ಯಂಕ.

ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು, ತಿಪಟೂರು ಕಡೆಯ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದುವವರು, ತಮ್ಮೂರಿನ ಗುಡ್ಡದ ಬಗ್ಗೆ ಕಾಳಜಿ ಇರುವ ಯಾರೇ ಆಗಲಿ ಇದನ್ನು ಮಾಡಬಹುದು. ದುಬಾರಿ ಸಲಕರಣೆ ಬೇಡ. ಲೆಕ್ಕವೂ ಕಷ್ಟವಲ್ಲ. ಜನ ಎಡವುವುದು ಲೆಕ್ಕಕ್ಕೆ ಮುಂಚಿನ ಎಣಿಕೆಯಲ್ಲಿ, ಇಲ್ಲವೇ ಲೆಕ್ಕದ ನಂತರದ ಅರ್ಥ ಹೇಳುವುದರಲ್ಲಿ.

ಚೌಕ ಇಡುವುದು

ನೆಲದ ಸಣ್ಣ ಗಿಡಗಳಿಗೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಸಾಕು. ಪುಸ್ತಕಗಳಲ್ಲಿ ಇದನ್ನೇ ಕ್ವಾಡ್ರಾಟ್ ಎನ್ನುತ್ತಾರೆ. ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಪೈಪಿನ ನಾಲ್ಕು ತುಂಡು, ನಾಲ್ಕು ಎಲ್ಬೋ ತಂದು ಜೋಡಿಸಿಕೊಳ್ಳಿ. ಹಗ್ಗದಲ್ಲಿ ಮಾಡಿದರೆ ಎಳೆದಂತೆಲ್ಲ ಮೂಲೆ ವಾರೆಯಾಗಿ ವಿಸ್ತೀರ್ಣ ಕಡಿಮೆಯಾಗುತ್ತದೆ. ಪೊದೆಗಳನ್ನೂ ಮರಗಳನ್ನೂ ಎಣಿಸಬೇಕೆಂದಿದ್ದರೆ ಈ ಚೌಕ ಸಾಲದು, ಅದಕ್ಕೆ ಐದು ಮತ್ತು ಹತ್ತು ಮೀಟರಿನ ಚೌಕಗಳನ್ನು ಬೇರೆಯಾಗಿ ಹಾಕಿ ಬೇರೆಯಾಗಿಯೇ ಲೆಕ್ಕ ಮಾಡಬೇಕು. ತುಂಬೆ ಗಿಡವನ್ನೂ ಲಂಟಾನ ಪೊದೆಯನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಸಿಗುವ ಅಂಕಿಗೆ ಅರ್ಥವಿರುವುದಿಲ್ಲ.

ಕಣ್ಣು ಮುಚ್ಚಿ ಚೌಕ ಎಸೆಯುವ ಅಭ್ಯಾಸ ಪ್ರಾಯೋಗಿಕ ತರಗತಿಗಳಲ್ಲಿ ಇಂದಿಗೂ ಇದೆ. ಅದನ್ನು ಬಿಡುವುದು ಒಳ್ಳೆಯದು. ಎಸೆಯುವ ಕೈ ಮುಳ್ಳಿನ ಕಡೆಗೆ ಎಸೆಯುವುದಿಲ್ಲ, ಎಸೆದ ಚೌಕ ಪೊದೆಯ ಮೇಲೆ ಬಿದ್ದರೆ 'ಇನ್ನೊಂದು ಸಲ' ಅನ್ನುತ್ತೇವೆ. ಅದರ ಬದಲು ಗುಡ್ಡದ ಬುಡದಲ್ಲಿ ನೂರು ಮೀಟರ್ ಟೇಪು ಎಳೆದು, ಪ್ರತಿ ಹತ್ತು ಮೀಟರಿಗೆ ಒಂದು ಚೌಕ ಇಡಿ. ಮೊದಲ ಚೌಕ ಎಷ್ಟನೇ ಮೀಟರಿನಲ್ಲಿ ಬರಬೇಕೆಂಬುದನ್ನು ಒಂದರಿಂದ ಹತ್ತರವರೆಗೆ ಬರೆದ ಚೀಟಿ ಎತ್ತಿ ನಿರ್ಧರಿಸಿ. ಚೌಕ ಎಲ್ಲಿ ಬಿತ್ತೋ ಅಲ್ಲೇ ಎಣಿಸಬೇಕು. ಬರಿ ಜಲ್ಲಿಯ ಮೇಲೆ ಬಿದ್ದು ಒಂದೂ ಗಿಡ ಸಿಗದಿದ್ದರೆ ಸೊನ್ನೆ ಎಂದು ಬರೆಯಿರಿ, ಅದೂ ಮಾಹಿತಿಯೇ.

ಹತ್ತು ಚೌಕ ಸಾಕೇ? ಪ್ರತಿ ಚೌಕ ಮುಗಿದಾಗ, ಈವರೆಗೆ ಸಿಕ್ಕ ಒಟ್ಟು ಪ್ರಭೇದ ಎಷ್ಟಾಯಿತು ಎಂದು ಒಂದು ಸಾಲಿನಲ್ಲಿ ಬರೆಯುತ್ತ ಹೋಗಿ. ಕೊನೆಯ ಮೂರು ಚೌಕಗಳಲ್ಲಿ ಹೊಸ ಗಿಡ ಒಂದೂ ಸೇರದಿದ್ದರೆ ನಿಲ್ಲಿಸಬಹುದು. ಸಂಖ್ಯೆ ಇನ್ನೂ ಏರುತ್ತಿದ್ದರೆ ಮತ್ತೊಂದು ಸಾಲು ಎಳೆಯಿರಿ. ಎರಡು ಜಾಗ ಹೋಲಿಸುವಾಗ ಮಾತ್ರ ಎರಡರಲ್ಲೂ ಚೌಕಗಳ ಸಂಖ್ಯೆ ಒಂದೇ ಇರಲಿ. ಹೆಚ್ಚು ಚೌಕ ಇಟ್ಟ ಕಡೆ ಹೆಚ್ಚು ಬಗೆ ಸಿಗುವುದು ಸಹಜ, ಅದು ನೆಲದ ಗುಣವಲ್ಲ.

ಎಣಿಸುವಾಗ ಬರುವ ತಕರಾರು

ಅಂಚಿನ ಮೇಲಿರುವ ಗಿಡ ಒಳಗೋ ಹೊರಗೋ? ಬುಡ ನೋಡಿ, ಹರಡಿದ ರೆಂಬೆಯನ್ನಲ್ಲ. ಬುಡ ಪೈಪಿನ ಕೆಳಗೇ ಇದ್ದರೆ ಎಡ ಮತ್ತು ಮೇಲಿನ ಅಂಚಿನವು ಒಳಗೆ, ಬಲ ಮತ್ತು ಕೆಳಗಿನ ಅಂಚಿನವು ಹೊರಗೆ ಎಂದು ಮೊದಲೇ ಗೊತ್ತು ಮಾಡಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ.

ಗರಿಕೆ ಹುಲ್ಲು ಬಂದರೆ ಎಣಿಕೆಯೇ ನಿಲ್ಲುತ್ತದೆ. ನೆಲದ ಮೇಲೆ ಹಬ್ಬಿ ಗಂಟುಗಂಟಿಗೂ ಬೇರು ಬಿಡುವ ಗರಿಕೆಯಲ್ಲಿ ಒಂದು ಗಿಡ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಜೇಕಿನ ಕಥೆಯೂ ಅದೇ, ಮಣ್ಣಿನೊಳಗೆ ಗಡ್ಡೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇಂಥವಕ್ಕೆ ಚೌಕದ ಎಷ್ಟು ಪಾಲು ಮುಚ್ಚಿದೆ ಎಂದು ಶೇಕಡಾದಲ್ಲಿ ಅಂದಾಜು ಮಾಡುವುದು ಸರಿಯಾದ ದಾರಿ. ಆದರೆ ತುಂಬೆಯನ್ನು ಗಿಡದ ಲೆಕ್ಕದಲ್ಲಿ, ಗರಿಕೆಯನ್ನು ಶೇಕಡಾ ಲೆಕ್ಕದಲ್ಲಿ ತೆಗೆದುಕೊಂಡು ಒಂದೇ ಸೂತ್ರಕ್ಕೆ ಹಾಕುವಂತಿಲ್ಲ. ಒಂದೋ ಎಲ್ಲವನ್ನೂ ಶೇಕಡಾದಲ್ಲಿ ಅಳೆಯಬೇಕು, ಇಲ್ಲವೇ ಹುಲ್ಲುಗಳನ್ನು ಬಿಟ್ಟು 'ಹುಲ್ಲಲ್ಲದ ಸಣ್ಣ ಗಿಡಗಳು' ಎಂದು ಸ್ಪಷ್ಟವಾಗಿ ಬರೆದು ಅವನ್ನಷ್ಟೇ ಎಣಿಸಬೇಕು. ಮುಂದಿನ ಉದಾಹರಣೆಯಲ್ಲಿ ಎರಡನೆಯದನ್ನು ಆರಿಸಿಕೊಂಡಿದ್ದೇನೆ.

ಇನ್ನೊಂದು, ಮೊಳಕೆಗಳದ್ದು. ಒಂದು ಹದ ಮಳೆ ಬಿದ್ದ ವಾರದಲ್ಲಿ ಪಾರ್ಥೇನಿಯಂ ಒಂದೇ ಚೌಕದಲ್ಲಿ ನೂರಾರು ಮೊಳಕೆ ಎಬ್ಬಿಸುತ್ತದೆ. ಅವುಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ಅವನ್ನೆಲ್ಲ ಎಣಿಸಿದರೆ ಸೂಚ್ಯಂಕ ಕುಸಿದುಬೀಳುತ್ತದೆ. ಬೀಜದೆಲೆ ಕಳೆದು ಕನಿಷ್ಠ ನಾಲ್ಕು ನಿಜ ಎಲೆ ಬಿಟ್ಟ ಗಿಡವನ್ನಷ್ಟೇ ಎಣಿಸುವುದು ಎಂದು ನಿಯಮ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಹೆಚ್ಚಾದ್ದರಿಂದ ಅಕ್ಟೋಬರ್ ಎಣಿಕೆಗೆ ಒಳ್ಳೆಯ ಕಾಲ, ಗಿಡಗಳು ಹೂ ಬಿಟ್ಟಿರುವುದರಿಂದ ಗುರುತೂ ಸುಲಭ. ಎರಡು ಜಾಗಗಳನ್ನೂ ಒಂದೇ ವಾರದಲ್ಲಿ ಮುಗಿಸಿ. ಒಂದನ್ನು ಅಕ್ಟೋಬರಿನಲ್ಲಿ, ಇನ್ನೊಂದನ್ನು ಫೆಬ್ರವರಿಯಲ್ಲಿ ಎಣಿಸಿದರೆ ನೀವು ಹೋಲಿಸುವುದು ಮಳೆ ಬಿಸಿಲನ್ನೇ ಹೊರತು ಗುಡ್ಡಗಳನ್ನಲ್ಲ.

ಹೆಸರು ಗೊತ್ತಿಲ್ಲದ ಗಿಡ ಸಿಕ್ಕರೆ 'ಗೊತ್ತಿಲ್ಲದ್ದು 1', 'ಗೊತ್ತಿಲ್ಲದ್ದು 2' ಎಂದು ಬರೆದು ಒಂದು ಕೊಂಬೆಯನ್ನು ಪತ್ರಿಕೆಯ ನಡುವೆ ಒತ್ತಿ ತನ್ನಿ. ಸೂತ್ರಕ್ಕೆ ಹೆಸರು ಬೇಡ, ಒಂದರಿಂದ ಇನ್ನೊಂದು ಬೇರೆ ಎಂಬುದಷ್ಟೇ ಸಾಕು. ಗೊತ್ತಿಲ್ಲದವನ್ನೆಲ್ಲ 'ಇತರೆ' ಎಂಬ ಒಂದೇ ಸಾಲಿಗೆ ತುಂಬಿದರೆ ಮಾತ್ರ ವೈವಿಧ್ಯ ಸುಳ್ಳಾಗಿ ತಗ್ಗುತ್ತದೆ. ಪಾರ್ಥೇನಿಯಂ ಹಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ. ಪೂರ್ತಿ ತೋಳಿನ ಅಂಗಿ, ಕೈಗವಸು ಇರಲಿ. ಅರಣ್ಯ ಭೂಮಿಯಾದರೆ ಇಲಾಖೆಯ ಅನುಮತಿ ಪಡೆಯಿರಿ, ಹಳೆಯ ಗುಂಡಿಗಳ ಅಂಚಿಗೆ ಹೋಗಬೇಡಿ.

ಲೆಕ್ಕ

ಲೆಕ್ಕ ಹಿಡಿಯಲು ಸುಲಭವಾಗಲೆಂದು ಎರಡು ಕಡೆಯೂ ಹತ್ತು ಚೌಕಗಳಲ್ಲಿ ಸರಿಯಾಗಿ ನೂರು ಗಿಡ ಸಿಕ್ಕವು ಎಂದಿಟ್ಟುಕೊಳ್ಳೋಣ. ಇವು ವಿಧಾನ ತೋರಿಸಲು ಆರಿಸಿದ ಅಂಕಿಗಳು, ಯಾವುದೇ ಗುಡ್ಡದ ವರದಿಯಲ್ಲ.

ಗಣಿ ಮುಟ್ಟದ ಕುರುಚಲು ಇಳಿಜಾರಿನಲ್ಲಿ: ತುಂಬೆ 22, ವಿಷ್ಣುಕ್ರಾಂತಿ 18, ನೆಲನೆಲ್ಲಿ 15, ಉತ್ತರಾಣಿ 12, ಭೀಮನಕಡ್ಡಿ 10, ಸೊಗದೆ 9, ಟ್ರೈಡಾಕ್ಸ್ 6, ಅಣ್ಣೆಸೊಪ್ಪು 5, ಪಾರ್ಥೇನಿಯಂ 3. ಒಟ್ಟು ಒಂಬತ್ತು ಬಗೆ.

ಮಣ್ಣಿನ ದಿಬ್ಬದ ಬುಡದಲ್ಲಿ: ಪಾರ್ಥೇನಿಯಂ 74, ಟ್ರೈಡಾಕ್ಸ್ 12, ಉತ್ತರಾಣಿ 6, ಅಣ್ಣೆಸೊಪ್ಪು 5, ತುಂಬೆ 3. ಒಟ್ಟು ಐದು ಬಗೆ.

ಹೆಚ್ಚು ಬಳಕೆಯಲ್ಲಿರುವುದು ಶ್ಯಾನನ್ ಸೂಚ್ಯಂಕ. ಅಮೆರಿಕದ ಕ್ಲಾಡ್ ಶ್ಯಾನನ್ 1948ರಲ್ಲಿ ಇದನ್ನು ಕೊಟ್ಟದ್ದು ಗಿಡಗಳಿಗಲ್ಲ, ಸಂದೇಶ ರವಾನೆಯ ಗಣಿತಕ್ಕೆ. ಮುಂದಿನ ಅಕ್ಷರ ಯಾವುದೆಂದು ಊಹಿಸುವುದು ಎಷ್ಟು ಕಷ್ಟ ಎಂಬುದು ಅವನ ಪ್ರಶ್ನೆ. ಮುಂದೆ ಕೈಗೆ ಸಿಗುವ ಗಿಡ ಯಾವುದೆಂದು ಊಹಿಸುವುದು ಎಷ್ಟು ಕಷ್ಟ ಎಂಬುದು ನಮ್ಮದು. ದಿಬ್ಬದ ಬುಡದಲ್ಲಿ ಕಣ್ಣು ಮುಚ್ಚಿ 'ಪಾರ್ಥೇನಿಯಂ' ಎಂದರೆ ನಾಲ್ಕರಲ್ಲಿ ಮೂರು ಸಲ ಸರಿಹೋಗುತ್ತದೆ. ಹಾಗಾಗಿ ಅಲ್ಲಿ ಸೂಚ್ಯಂಕ ಕಡಿಮೆ ಬರಲೇಬೇಕು. ಸೂತ್ರ ಇಷ್ಟೇ:

```
H' = −Σ p × ln(p)
```

ಇಲ್ಲಿ p ಎಂದರೆ ಆ ಗಿಡದ ಪಾಲು, ಅಂದರೆ ಅದರ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದ್ದು. ln ಎಂದರೆ ಸ್ವಾಭಾವಿಕ ಲಾಗರಿದಮ್, ಕ್ಯಾಲ್ಕುಲೇಟರಿನಲ್ಲಿ ಅದೇ ಹೆಸರಿನ ಗುಂಡಿ ಇರುತ್ತದೆ. ದಿಬ್ಬದ ಬುಡದ ಲೆಕ್ಕ ಮಾಡೋಣ. ಪಾರ್ಥೇನಿಯಂ ಪಾಲು 0.74. ಅದರ ln ಬೆಲೆ −0.301. ಎರಡನ್ನೂ ಗುಣಿಸಿ ಋಣ ಚಿಹ್ನೆ ಬಿಟ್ಟರೆ 0.223. ಇದೇ ರೀತಿ ಟ್ರೈಡಾಕ್ಸ್‌ಗೆ 0.254, ಉತ್ತರಾಣಿಗೆ 0.169, ಅಣ್ಣೆಸೊಪ್ಪಿಗೆ 0.150, ತುಂಬೆಗೆ 0.105. ಎಲ್ಲ ಕೂಡಿದರೆ 0.90. ಕುರುಚಲು ಇಳಿಜಾರಿಗೆ ಇದೇ ಕ್ರಮದಲ್ಲಿ 2.05 ಬರುತ್ತದೆ.

ಎಕ್ಸೆಲ್‌ನಲ್ಲಾದರೆ ಗಿಡದ ಸಂಖ್ಯೆಗಳನ್ನು B2ರಿಂದ B6ರವರೆಗೆ ಹಾಕಿ, B8ರಲ್ಲಿ ಮೊದಲ ಸಾಲನ್ನೂ B9ರಲ್ಲಿ ಎರಡನೆಯದನ್ನೂ ಬರೆಯಿರಿ:

```
=-SUMPRODUCT(B2:B6/SUM(B2:B6),LN(B2:B6/SUM(B2:B6)))
=EXP(B8)
```

ಪಟ್ಟಿಯಲ್ಲಿ ಎಲ್ಲಾದರೂ ಸೊನ್ನೆ ಇದ್ದರೆ #NUM! ಎಂದು ತೋರಿಸುತ್ತದೆ. ಸೊನ್ನೆಯ ಲಾಗರಿದಮ್ ಇಲ್ಲದಿರುವುದೇ ಕಾರಣ, ಆ ಸಾಲು ಅಳಿಸಿದರೆ ಸಾಕು.

ಎರಡನೆಯ ಸಾಲು ಏಕೆ? 0.90, 2.05 ಎಂಬ ಅಂಕಿಗಳು ಕಣ್ಣಿಗೆ ಏನನ್ನೂ ಕಟ್ಟಿಕೊಡುವುದಿಲ್ಲ. 2.05ಕ್ಕಿಂತ 0.90 ಅರ್ಧಕ್ಕೂ ಕಡಿಮೆ, ಆದ್ದರಿಂದ ವೈವಿಧ್ಯವೂ ಅರ್ಧಕ್ಕೂ ಕಡಿಮೆ ಎಂದು ಇಷ್ಟರಿಂದಲೇ ತೀರ್ಮಾನಿಸುವುದು ತಪ್ಪು, ಲಾಗರಿದಮ್ ಅಳತೆ ಹಾಗೆ ಓದಿಸಿಕೊಳ್ಳುವುದಿಲ್ಲ. EXP ಹಾಕಿದಾಗ ಸಿಗುವುದು 'ಎಲ್ಲ ಬಗೆಗಳೂ ಸಮಪಾಲಿನಲ್ಲಿದ್ದಿದ್ದರೆ ಎಷ್ಟು ಬಗೆಗೆ ಸಮ' ಎಂಬ ಸಂಖ್ಯೆ. ಇಳಿಜಾರಿಗೆ 7.8, ದಿಬ್ಬದ ಬುಡಕ್ಕೆ 2.5. ಅಂದರೆ ಐದು ಬಗೆ ಕಂಡರೂ ಆ ಜಾಗ ಎರಡೂವರೆ ಬಗೆಯಷ್ಟೇ ವೈವಿಧ್ಯದ್ದು. ಮೂರನೆಯ ಒಂದು ಭಾಗಕ್ಕೆ ಇಳಿದಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಪಂಚಾಯಿತಿ ಸಭೆಯಲ್ಲಿ ಹೇಳುವುದಾದರೆ ಈ ಸಂಖ್ಯೆಯನ್ನೇ ಹೇಳಿ.

ಬೇರೆಯವರ ವರದಿಯ ಜೊತೆ ಹೋಲಿಸುವ ಮುಂಚೆ ಲಾಗರಿದಮ್ ಯಾವುದೆಂದು ನೋಡಿ. ನಮ್ಮ 0.90 ಅನ್ನೇ 2ರ ಆಧಾರದಲ್ಲಿ ಲೆಕ್ಕ ಹಾಕಿದರೆ 1.30, 10ರ ಆಧಾರದಲ್ಲಿ 0.39. ಗಿಡ ಒಂದೂ ಬದಲಾಗಿಲ್ಲ, ಗುಂಡಿ ಬದಲಾಗಿದೆ ಅಷ್ಟೆ. ಕ್ಯಾಲ್ಕುಲೇಟರಿನಲ್ಲಿ ln ಬದಲು log ಒತ್ತಿ ಬಂದ ಅಂಕಿಯನ್ನು 'ತೀರಾ ಹಾಳಾದ ನೆಲ' ಎಂದು ಬರೆಯುವುದು ಅಪರೂಪದ ತಪ್ಪೇನಲ್ಲ. ಸಿಂಪ್ಸನ್ ಸೂಚ್ಯಂಕವನ್ನೂ (1949) ಜೊತೆಗಿಟ್ಟರೆ ಒಂದು ತಾಳೆ ಸಿಗುತ್ತದೆ. ಎರಡು ಗಿಡ ಎತ್ತಿದರೆ ಅವು ಬೇರೆ ಬೇರೆ ಬಗೆಯವಾಗಿರುವ ಸಂಭವ ಎಷ್ಟು ಎಂದು ಅದು ಹೇಳುತ್ತದೆ: ಇಳಿಜಾರಿನಲ್ಲಿ 0.87, ದಿಬ್ಬದ ಬುಡದಲ್ಲಿ 0.44. ಎರಡು ಸೂಚ್ಯಂಕಗಳೂ ಒಂದೇ ದಿಕ್ಕು ತೋರಿದವು.

ಕಡಿಮೆ ಬಂತು, ಏನರ್ಥ?

ಸೂಚ್ಯಂಕ ತಗ್ಗಲು ದಾರಿ ಎರಡೇ: ಬಗೆಗಳು ಕಡಿಮೆಯಾಗಬೇಕು, ಇಲ್ಲವೇ ಇರುವ ಬಗೆಗಳಲ್ಲಿ ಒಂದು ಉಳಿದವನ್ನು ಮೂಲೆಗೆ ತಳ್ಳಬೇಕು. ಯಾವುದು ನಡೆದಿದೆ ಎಂದು ಬಿಡಿಸಲು H' ಅನ್ನು ಬಗೆಗಳ ಸಂಖ್ಯೆಯ ln ಬೆಲೆಯಿಂದ ಭಾಗಿಸಿ. ಇದೇ ಸಮತೆ, ಒಂದಕ್ಕೆ ಹತ್ತಿರವಾದಷ್ಟೂ ಹಂಚಿಕೆ ಸಮ. ಇಳಿಜಾರಿನಲ್ಲಿ 2.05 ಭಾಗಿಸು 2.20, ಅಂದರೆ 0.93. ದಿಬ್ಬದ ಬುಡದಲ್ಲಿ 0.90 ಭಾಗಿಸು 1.61, ಅಂದರೆ 0.56.

ಈಗ ಒಂದು ಸಣ್ಣ ಪರೀಕ್ಷೆ ಮಾಡಿ. ದಿಬ್ಬದ ಪಟ್ಟಿಯಿಂದ ಪಾರ್ಥೇನಿಯಂ ಸಾಲನ್ನು ತೆಗೆದು ಮಿಕ್ಕ 26 ಗಿಡಗಳಿಗೆ ಮತ್ತೆ ಲೆಕ್ಕ ಹಾಕಿ. H' 1.26ಕ್ಕೆ ಏರುತ್ತದೆ, ಸಮತೆ 0.91 ಆಗುತ್ತದೆ. ಉಳಿದ ನಾಲ್ಕು ತಮ್ಮೊಳಗೆ ಚೆನ್ನಾಗಿಯೇ ಹಂಚಿಕೊಂಡಿವೆ. ಅಂಕಿಯನ್ನು ಕೆಳಗೆಳೆದದ್ದು ಒಂದೇ ಗಿಡ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪಾರ್ಥೇನಿಯಂ ಕಿತ್ತುಹಾಕಿದರೂ ಅಲ್ಲಿರುವುದು ಮೂರೂವರೆ ಬಗೆಯಷ್ಟು ವೈವಿಧ್ಯವೇ, ಇಳಿಜಾರಿನ 7.8 ಅಲ್ಲ. ಹಾಗಾದರೆ ಕಾಣೆಯಾದವು ಯಾವುವು? ವಿಷ್ಣುಕ್ರಾಂತಿ, ನೆಲನೆಲ್ಲಿ, ಭೀಮನಕಡ್ಡಿ, ಸೊಗದೆ.

ನನ್ನ ಮಟ್ಟಿಗೆ ಈ ಪಟ್ಟಿಯೇ ಸೂಚ್ಯಂಕಕ್ಕಿಂತ ಹೆಚ್ಚು ಮಾತಾಡುತ್ತದೆ. ಸೊಗದೆ ಬೇರು ತೆಗೆದವರಿಗೆ ಗೊತ್ತು, ಅದು ವರ್ಷಗಟ್ಟಲೆ ನೆಲದೊಳಗೆ ಉಳಿದು ಪ್ರತಿ ಮಳೆಗೆ ಮತ್ತೆ ಚಿಗುರುವ ಗಟ್ಟಿ ಬೇರು. ಅದರ ಮೇಲೆ ಗಣಿಯ ಕೆಳಮಣ್ಣನ್ನು ಆಳುದ್ದ ಸುರಿದರೆ ಅದು ಮೇಲೆ ಬರಲಾರದು. ಸುರಿದ ಮಣ್ಣಿನಲ್ಲಿ ಹಳೆಯ ಬೀಜಗಳ ದಾಸ್ತಾನೂ ಇರುವುದಿಲ್ಲ. ಹೊರಗಿನಿಂದ ಗಾಳಿಗೆ, ಲಾರಿಯ ಚಕ್ರಕ್ಕೆ, ದನಕರುಗಳ ಮೈಗೆ ಅಂಟಿ ಬರುವ ಬೀಜಗಳಿಗೇ ಅಲ್ಲಿ ಮೊದಲ ಅವಕಾಶ. ಒಂದು ಪಾರ್ಥೇನಿಯಂ ಗಿಡ ಸಾವಿರಾರು ಹಗುರ ಬೀಜ ಉದುರಿಸುತ್ತದೆ, ತೇವ ಸಿಕ್ಕಾಗಲೆಲ್ಲ ವರ್ಷದಲ್ಲಿ ಹಲವು ಸಲ ಹುಟ್ಟುತ್ತದೆ, ಸುತ್ತಲಿನ ಮೊಳಕೆಗಳನ್ನು ಕುಗ್ಗಿಸುವ ರಾಸಾಯನಿಕವನ್ನೂ ಮಣ್ಣಿಗೆ ಬಿಡುತ್ತದೆ. ಹೀಗಾಗಿ ಇಲ್ಲಿ ಎರಡು ಬೇರೆ ನಷ್ಟಗಳು ಒಂದೇ ಅಂಕಿಯಲ್ಲಿ ಬೆರೆತಿವೆ. ಪಾರ್ಥೇನಿಯಂ ಯಜಮಾನಿಕೆಯನ್ನು ಹೂ ಬಿಡುವ ಮುಂಚೆ ಕಿತ್ತು ತಗ್ಗಿಸಬಹುದು. ಸೊಗದೆ, ವಿಷ್ಣುಕ್ರಾಂತಿ ಮರಳಲು ಮೇಲ್ಮಣ್ಣು ಬೇಕು, ಪಕ್ಕದಲ್ಲಿ ಬೀಜ ಕೊಡುವ ಹಾಳಾಗದ ಇಳಿಜಾರು ಬೇಕು.

ಇಷ್ಟಾದರೂ 'ಗಣಿಯಿಂದಲೇ ಹೀಗಾಯಿತು' ಎಂದು ಎರಡು ಜಾಗಗಳ ಎರಡು ಅಂಕಿಗಳಿಂದ ಸಾಧಿಸಲಾಗದು. ಕುರಿ ಮೇಕೆ ಮೇದರೂ ಇದೇ ಚಿತ್ರ ಬರುತ್ತದೆ: ಅವು ಪಾರ್ಥೇನಿಯಂ ಮುಟ್ಟದೆ ಮಿಕ್ಕವನ್ನು ತಿನ್ನುತ್ತವೆ, ಅದು ತನ್ನ ಪಾಲು ಹೆಚ್ಚಿಸಿಕೊಳ್ಳುತ್ತದೆ. ಇವೆರಡನ್ನೂ ಬಿಡಿಸಲು ಒಂದು ಉಪಾಯವಿದೆ. ಲಾರಿ ದಾರಿಯ ಅಂಚಿನಿಂದ 5, 20, 50, 100, 200 ಮೀಟರ್ ದೂರದಲ್ಲಿ ದಾರಿಗೆ ಸಮಾನಾಂತರವಾಗಿ ಚೌಕಗಳ ಸಾಲು ಹಾಕಿ. ದೂರ ಹೋದಂತೆ ಸೂಚ್ಯಂಕ ಹಂತಹಂತವಾಗಿ ಏರಿದರೆ ದಾರಿ, ಧೂಳು, ಸುರಿದ ಮಣ್ಣಿನ ಕಡೆಗೆ ಬೆರಳು ತೋರಿಸಬಹುದು. ದೂರದಿಂದ ಏನೂ ವ್ಯತ್ಯಾಸವಾಗದೆ ಕುರಿ ಹಟ್ಟಿಯ ಹತ್ತಿರ, ನೀರು ಕುಡಿಸುವ ಕಟ್ಟೆಯ ಹತ್ತಿರ ಮಾತ್ರ ತಗ್ಗಿದರೆ ಮೇವಿನ ಒತ್ತಡವನ್ನು ನೋಡಬೇಕು. ಇನ್ನೂ ಖಚಿತ ಬೇಕೆಂದರೆ ಎರಡು ಮೂರು ಕಡೆ ಮುಳ್ಳುಬೇಲಿ ಕಟ್ಟಿ ಒಂದು ಮಳೆಗಾಲ ಮೇಯಿಸದೆ ಬಿಟ್ಟು ಒಳಗೂ ಹೊರಗೂ ಎಣಿಸಿ.

ಅಂಕಿಯ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ತಿಳಿಯಲು ಒಂದೊಂದೇ ಚೌಕವನ್ನು ಬಿಟ್ಟು ಮಿಕ್ಕ ಒಂಬತ್ತಕ್ಕೆ H' ತೆಗೆಯಿರಿ. ಹತ್ತೂ ಸಲ ಅಂಕಿ 0.9ರ ಆಸುಪಾಸಿನಲ್ಲೇ ನಿಂತರೆ ಪಾರ್ಥೇನಿಯಂ ಎಲ್ಲೆಡೆ ಹರಡಿದೆ ಎಂದರ್ಥ. ಯಾವುದೋ ಒಂದು ಚೌಕ ಬಿಟ್ಟ ಕೂಡಲೇ 1.4ಕ್ಕೆ ಜಿಗಿದರೆ 74ರಲ್ಲಿ ಹೆಚ್ಚಿನವು ಆ ಒಂದೇ ಚೌಕದ ಗುಂಪಿನಲ್ಲಿದ್ದವು. ಇಡೀ ಬುಡದ ಬಗ್ಗೆ ತೀರ್ಪು ಕೊಡುವ ಮುಂಚೆ ಇನ್ನಷ್ಟು ಚೌಕ ಬೇಕು. ಪಾರ್ಥೇನಿಯಂ ಎಲೆ ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನೂ ಗಮನಿಸಿ. 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿಗೆ ತರಿಸಿ ಬಿಟ್ಟ ಈ ಕೀಟ ಮಳೆಗಾಲದಲ್ಲಿ ಕೆಲವು ಕಡೆ ಗಿಡಗಳನ್ನು ಬೋಳಿಸುತ್ತದೆ. ಒಂದು ವರ್ಷ ಸೂಚ್ಯಂಕ ಏರಿದ್ದು ನೆಲ ಸುಧಾರಿಸಿದ್ದರಿಂದಲೋ, ಆ ವರ್ಷ ಜೀರುಂಡೆ ಹೆಚ್ಚಿದ್ದರಿಂದಲೋ ಎಂದು ಹೇಳಲು ಎಣಿಸುವ ದಿನವೇ ಅದನ್ನು ಬರೆದಿಟ್ಟಿರಬೇಕು.

ಕಡಿಮೆ ಅಂಕಿ ಯಾವಾಗಲೂ ಹಾನಿಯ ಗುರುತಲ್ಲ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಯಾರೂ ಕೆದಕದಿದ್ದರೂ ನಾಲ್ಕಾರು ಬಗೆಯೇ ಇರುವುದು. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ ಮರಗಳನ್ನು ಒಂದೊಂದಾಗಿ ಎಣಿಸಿದರು. ಸಿಕ್ಕದ್ದು ಎಪ್ಪತ್ತರ ಆಸುಪಾಸಿನ ಬಗೆಗಳು. ಪನಾಮಾದ ತೇವದ ಕಾಡಿನಲ್ಲಿ ಅಷ್ಟೇ ವಿಸ್ತೀರ್ಣಕ್ಕೆ ಸುಮಾರು ಮುನ್ನೂರು. ಮುದುಮಲೆಯದು ಒಣ ಕಾಡು, ಅದರ ಅಂಕಿಯನ್ನು ಅಂಥದೇ ಒಣ ಕಾಡಿನ ಜೊತೆ ಇಟ್ಟು ನೋಡಬೇಕು. ಹಾಗೆಯೇ ಚಿಕ್ಕನಾಯಕನಹಳ್ಳಿಯ ಕುರುಚಲನ್ನು ಮಲೆನಾಡಿನ ಅಂಕಿಯ ಜೊತೆ ಅಳೆಯಬಾರದು. ಪಠ್ಯಗಳಲ್ಲಿ ಬರುವ 'ಒಂದಕ್ಕಿಂತ ಕಡಿಮೆಯಾದರೆ ಹಾಳು, ಮೂರಕ್ಕಿಂತ ಹೆಚ್ಚಾದರೆ ಉತ್ತಮ' ಎಂಬ ಮಾತನ್ನು ನಾನು ಪಕ್ಕಕ್ಕಿಡುತ್ತೇನೆ. ಹೋಲಿಸಬೇಕಾದ್ದು ಅದೇ ಮಣ್ಣು, ಅದೇ ಇಳಿಜಾರು, ಅದೇ ಮಳೆಯ, ಕೆದಕದ ಪಕ್ಕದ ತುಣುಕನ್ನು.

ತಿರುಗಾಮುರುಗ ತಪ್ಪೂ ಆಗುತ್ತದೆ. ರಸ್ತೆ ಬದಿಯಲ್ಲಿ ಹದಿನೈದು ಬಗೆಯ ಕಳೆ ಸಮವಾಗಿ ಬೆಳೆದು H' 2.5 ಬಂದರೆ, ಸೂತ್ರದ ಕಣ್ಣಿಗೆ ಅದು ನಮ್ಮ ಕುರುಚಲಿಗಿಂತ ಮೇಲು. ಯಾವುದು ಊರಿನ ಗಿಡ, ಯಾವುದು ಹೊರಗಿನ ಕಳೆ ಎಂದು ಸೂತ್ರಕ್ಕೆ ಗೊತ್ತಿಲ್ಲ. ಅದಕ್ಕೇ ಪ್ರತಿ ಅಂಕಿಯ ಪಕ್ಕದಲ್ಲಿ ಗಿಡಗಳ ಪಟ್ಟಿ, ಅವುಗಳಲ್ಲಿ ಎಷ್ಟು ಹೊರಗಿನವು ಎಂಬುದು ಇರಲೇಬೇಕು.

ಇದನ್ನೆಲ್ಲ ಕೇಳಿದ ತೆಂಗಿನ ತೋಟದವರು ತಮ್ಮಲ್ಲೂ ಚೌಕ ಇಟ್ಟು ನೋಡುವ ಆಸೆ ಪಡಬಹುದು. ವರ್ಷಕ್ಕೆ ಎರಡು ಮೂರು ಸಲ ಉಳುಮೆ ಮಾಡಿಸಿದ ತೋಟದ ಸಾಲಿನ ನಡುವೆ ಅಂಕಿ ಕಡಿಮೆಯೇ ಬರುತ್ತದೆ. ಕಳೆ ಇರಬಾರದೆಂದೇ ಉತ್ತದ್ದು, ಆದ್ದರಿಂದ ಅದು ಗಾಬರಿಯ ಸಂಗತಿಯಲ್ಲ. ಅಲ್ಲಿ ಎಣಿಸಬೇಕಾದ್ದು ಬದುವಿನ ಮೇಲೆ: ನೇಗಿಲು ತಾಗದ ಬದುವಿನಲ್ಲಿ ಹತ್ತು ಚೌಕ, ಕಳೆನಾಶಕ ಹೊಡೆಯುವ ತೋಟದ ಬದುವಿನಲ್ಲಿ ಹತ್ತು, ಅದೇ ವಾರ, ಅದೇ ಎಣಿಕೆಯ ನಿಯಮ. ಗುಡ್ಡಕ್ಕೆ ಹೋಗಿ ಎಣಿಸುವ ಮುಂಚೆ ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಹತ್ತಿರದ ಜಾಗವಿಲ್ಲ.